ಐದು ಮೂಲೆಯ ಹೊಲದ ವಿಸ್ತೀರ್ಣ: ತ್ರಿಕೋನವಾ, ಶೂಲೇಸಾ?

ಪ್ರಶ್ನೆ: ನಮ್ಮ ಹೊಲಕ್ಕೆ ಐದು ಮೂಲೆ. ಎಲ್ಲದರ x, y ಗೊತ್ತಿದೆ. ತ್ರಿಕೋನಗಳಾಗಿ ಒಡೆದು ಲೆಕ್ಕ ಹಾಕೋದಾ, ಶೂಲೇಸ್ ಸೂತ್ರ ಬಳಸೋದಾ? ಯಾವುದು ಹೆಚ್ಚು ನಿಖರ?

ಎರಡೂ ಒಂದೇ ಉತ್ತರ ಕೊಡುತ್ತವೆ. ಶೂಲೇಸ್‌ನಲ್ಲೂ ಒಳಗೆ ನಡೆಯೋದು ತ್ರಿಕೋನಗಳ ಲೆಕ್ಕವೇ. ನೀವು ಯೋಚಿಸಬೇಕಾದದ್ದು ಮೂಲೆಗಳನ್ನು ಯಾವ ಕ್ರಮದಲ್ಲಿ ಬರೆದಿದ್ದೀರಿ ಅನ್ನೋದನ್ನ. ನಮಗೆ ಹಣ ಹೋಗಿದ್ದು ಅಲ್ಲೇ.

ನಮ್ಮದೂ ಐದು ಮೂಲೆಯ ತುಂಡು. ದಕ್ಷಿಣದ ಬದುವನ್ನೇ x ಗೆರೆ ಅಂತ ಇಟ್ಟುಕೊಂಡು ಟೇಪು ಹಿಡಿದು ಅಳೆದೆವು. ಮೂರನೇ ಮೂಲೆ ಮುಳ್ಳಿನ ಪೊದೆಯಲ್ಲಿತ್ತು. ಅದನ್ನು ಬಿಟ್ಟು ಮುಂದಿನದನ್ನು ಬರೆದುಕೊಂಡು, ಆಮೇಲೆ ವಾಪಸ್ ಬಂದು ಅಳೆದೆವು. ಪುಸ್ತಕದಲ್ಲಿ D ಮೊದಲು, C ಆಮೇಲೆ ಬಂತು. ನಾನು ಅದೇ ಕ್ರಮದಲ್ಲಿ ಲೆಕ್ಕ ಮಾಡಿದೆ.

ಮೂಲೆಗಳು ಮೀಟರ್‌ನಲ್ಲಿ: A(0,0), B(40,0), C(50,30), D(40,40), E(0,30). ಶೂಲೇಸ್‌ನಲ್ಲಿ ಪ್ರತಿ ಮೂಲೆಯ x ಅನ್ನು ಮುಂದಿನದರ y ಇಂದ ಗುಣಿಸಿ, ಮುಂದಿನದರ x ಅನ್ನು ಈ ಮೂಲೆಯ y ಇಂದ ಗುಣಿಸಿ ಕಳೆಯಬೇಕು. ಕೊನೆಯ ಮೂಲೆಯಿಂದ ಮತ್ತೆ ಮೊದಲನೆಯದಕ್ಕೆ ಬರಬೇಕು. ಎಲ್ಲ ಕೂಡಿಸಿ ಎರಡರಿಂದ ಭಾಗಿಸಿದರೆ ವಿಸ್ತೀರ್ಣ.

```
A-B: 0*0   - 40*0  = 0
B-C: 40*30 - 50*0  = 1200
C-D: 50*40 - 40*30 = 800
D-E: 40*30 - 0*40  = 1200
E-A: 0*0   - 0*30  = 0
3200 / 2 = 1600
```

1600 ಚದರ ಮೀಟರ್. ಒಂದು ಗುಂಟೆ ಸುಮಾರು 101.17 ಚದರ ಮೀಟರ್, ಅಂದರೆ 15.8 ಗುಂಟೆ. ನಾನು ಹಾಕಿದ A, B, D, C, E ಕ್ರಮದಲ್ಲಿ ಸಾಲುಗಳು 0, 1600, -800, 1500, 0. ಮೊತ್ತ 2300, ವಿಸ್ತೀರ್ಣ 1150. ಅಂದರೆ 11.4 ಗುಂಟೆ. ಅಂಕುಡೊಂಕಿನ ಜಾಗ ನೋಡಿ, ಯಾರಿಗೂ ಅನುಮಾನ ಬರಲಿಲ್ಲ. ಆ ಲೆಕ್ಕದ ಮೇಲೆ ಒಟ್ಟು ಬೆಲೆ ಮಾತಾಡಿ ಮುಂಗಡವನ್ನೂ ತೆಗೆದುಕೊಂಡೆವು. ಸರ್ವೇಯರ್ ಅಳೆದಾಗ ನಿಜ ಗೊತ್ತಾಯಿತು. ಅಪ್ಪ ಕೊಟ್ಟ ಮಾತು ತಪ್ಪಲಿಲ್ಲ. ಸುಮಾರು ನಾಲ್ಕೂವರೆ ಗುಂಟೆಯ ಹಣ ಬಿಟ್ಟೆವು.

ಆಗಿದ್ದೇನೆಂದರೆ, B-D ಗೆರೆ ಮತ್ತು C-E ಗೆರೆ (40,30)ರಲ್ಲಿ ಒಂದನ್ನೊಂದು ದಾಟುತ್ತವೆ. ಆಕಾರ ಎರಡು ತುಂಡಾಗುತ್ತದೆ. 1200ರ ದೊಡ್ಡ ತುಂಡನ್ನು ಎಡಕ್ಕೆ ತಿರುಗುತ್ತಾ ಸುತ್ತುತ್ತೇವೆ, 50ರ ಪುಟ್ಟ ತ್ರಿಕೋನವನ್ನು ಬಲಕ್ಕೆ. ಸುತ್ತು ತಿರುಗಿದರೆ ಚಿಹ್ನೆಯೂ ತಿರುಗುತ್ತದೆ, ಹಾಗಾಗಿ ಸೂತ್ರ 50 ಅನ್ನು ಕಳೆದು 1150 ಕೊಡುತ್ತದೆ. ಎಲ್ಲೂ ತಪ್ಪು ಅಂತ ಹೇಳುವುದಿಲ್ಲ.

ಉತ್ತರ ಮೈನಸ್ ಬಂದರೆ ಹೆದರಬೇಡಿ. ಗಡಿಯಾರದ ಮುಳ್ಳಿನ ದಿಕ್ಕಲ್ಲಿ ಸುತ್ತಿದ್ದೀರಿ ಅಷ್ಟೇ, ಚಿಹ್ನೆ ಬಿಟ್ಟುಬಿಡಿ. ಆದರೆ ಪ್ಲಸ್ ಬಂತು ಅಂತ ಕ್ರಮ ಸರಿ ಅಂದುಕೊಳ್ಳಬೇಡಿ, ನನ್ನದೂ ಪ್ಲಸ್ಸೇ ಬಂದಿತ್ತು. ಗ್ರಾಫ್ ಹಾಳೆಯಲ್ಲಿ ಬರೆದ ಕ್ರಮದಲ್ಲೇ ಚುಕ್ಕೆ ಸೇರಿಸಿ. ಯಾವ ಎರಡು ಗೆರೆಯೂ ನಡುವೆ ದಾಟಬಾರದು. ಒಳಕ್ಕೆ ಬಾಗಿದ ಮೂಲೆ ಇದ್ದರೂ ಪರವಾಗಿಲ್ಲ, ಸೂತ್ರ ನಡೆಯುತ್ತದೆ. ತ್ರಿಕೋನವಾಗಿ ಒಡೆಯುವವರು ತಪ್ಪೋದು ಜಾಸ್ತಿ ಅಂಥ ಮೂಲೆಯಲ್ಲೇ, ಅದಕ್ಕೇ ನನ್ನ ಮತ ಶೂಲೇಸ್‌ಗೆ.

ನಿಮ್ಮ x, y ಮೊಬೈಲ್‌ನ ಅಕ್ಷಾಂಶ ರೇಖಾಂಶವಾಗಿದ್ದರೆ ಸುಮ್ನೆ ಸೂತ್ರಕ್ಕೆ ಹಾಕಬೇಡಿ. ಬೆಂಗಳೂರಿನ ಆಸುಪಾಸಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108.5 ಕಿ.ಮೀ., ಅಕ್ಷಾಂಶ ಸುಮಾರು 110.6 ಕಿ.ಮೀ. ಮೊದಲು ಮೀಟರ್ ಮಾಡಿಕೊಳ್ಳಿ.