ವರದಿಯಲ್ಲಿರುವ ಟನ್ ಯಾವ ಆಳದ್ದು?

"ಮಣ್ಣು ಪರೀಕ್ಷೆಯ ವರದಿಯಲ್ಲಿ ಎಸ್‌ಬಿಸಿ ಚದರ ಮೀಟರಿಗೆ 20 ಟನ್ ಎಂದು ಬಂದಿದೆ. ಎರಡು ಮಹಡಿಯ ಮನೆ, 12 ಕಾಲಮ್. ಎಂಜಿನಿಯರ್ 5×5 ಅಡಿಯ ಫೂಟಿಂಗ್ ಕೊಟ್ಟಿದ್ದಾರೆ. ಮಣ್ಣು ಇಷ್ಟು ಗಟ್ಟಿ ಇದ್ದ ಮೇಲೆ ನಾಲ್ಕೂವರೆ ಅಡಿಗೆ ಇಳಿಸಿ ಹಣ ಉಳಿಸಬಹುದೇ?"

ನನ್ನ ವರದಿಯಲ್ಲೂ ಎಸ್‌ಬಿಸಿ, ಅಂದರೆ ಮಣ್ಣು ಸುರಕ್ಷಿತವಾಗಿ ಹೊರಬಲ್ಲ ಭಾರ, 20 ಎಂದೇ ಇತ್ತು. ಹುಬ್ಬಳ್ಳಿಯ ಹೊರವಲಯದ ನಿವೇಶನ, ಪೂರ್ತಿ ಎರೆಮಣ್ಣು. ವರದಿ ಕೈಗೆ ಬಂದ ದಿನ ನೇರವಾಗಿ ಕೊನೆಯ ಪುಟಕ್ಕೆ ಹೋದೆ, ಶಿಫಾರಸಿನ ಸಾಲಿನಲ್ಲಿ ಆ ಸಂಖ್ಯೆ ನೋಡಿದೆ, ಎಂಜಿನಿಯರಿಗೆ ಫೋನ್ ಮಾಡಿ "ಇಪ್ಪತ್ತು ಬಂದಿದೆ ಸರ್" ಎಂದೆ. ಅವರು ನಕ್ಷೆಯ ಮೂಲೆಯಲ್ಲಿ ಅದನ್ನೇ ಬರೆದು ಫೂಟಿಂಗ್ ಲೆಕ್ಕ ಹಾಕಿದರು. ವರದಿಯ ಪ್ರತಿಯನ್ನು ಅವರಿಗೆ ನಾನು ಕಳುಹಿಸಲೇ ಇಲ್ಲ.

ಆ ಸಾಲನ್ನು ನಾನು ಅರ್ಧ ಮಾತ್ರ ಓದಿದ್ದೆ. ಅದರಲ್ಲಿ ಇದ್ದದ್ದು "2.5 ಮೀಟರ್ ಆಳದಲ್ಲಿ, ಗರಸಿನ ಪದರದ ಮೇಲೆ, ಚದರ ಮೀಟರಿಗೆ 20 ಟನ್" ಎಂದು. ಪಾಯ ತೋಡುವಾಗ ಗೌಂಡಿ 5 ಅಡಿಗೆ ನಿಲ್ಲಿಸಿದರು. ಈ ಓಣಿಯಲ್ಲಿ ಎಲ್ಲರದ್ದೂ ಐದೇ ಅಡಿ ಎಂದರು. ನಕ್ಷೆಯಲ್ಲಿ ಆಳ ಬರೆದಿರಲಿಲ್ಲ, ನಾನೂ ಒಪ್ಪಿಕೊಂಡೆ. 5 ಅಡಿ ಎಂದರೆ ಒಂದೂವರೆ ಮೀಟರ್. ಗರಸು ಇದ್ದದ್ದು 2.3 ಮೀಟರಿನ ಕೆಳಗೆ. ಸಂಖ್ಯೆಯನ್ನು ಗರಸಿನಿಂದ ತೆಗೆದುಕೊಂಡು ಮನೆಯನ್ನು ಎರೆಮಣ್ಣಿನ ಮೇಲೆ ಕೂರಿಸಿದ್ದೆ. ನಾನು ಮಾಡಿದ ತಪ್ಪು ಇದೊಂದೇ. ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಆಳದ ಮಾತೇ ಇಲ್ಲ.

ಎಸ್‌ಬಿಸಿ ಎಂಬುದು ನಿವೇಶನಕ್ಕೆ ಅಂಟಿಕೊಂಡ ಗುಣವಲ್ಲ. ಇಷ್ಟು ಆಳದಲ್ಲಿ, ಇಷ್ಟು ಅಗಲದ ಫೂಟಿಂಗ್ ಇಟ್ಟರೆ, ಇಷ್ಟು ಮಿಲಿಮೀಟರಿಗಿಂತ ಹೆಚ್ಚು ಕುಸಿಯದಂತೆ ಎಷ್ಟು ಭಾರ ಹೇರಬಹುದು ಎಂಬುದರ ಉತ್ತರ ಅದು. ವರದಿಯ ಒಳಪುಟದ ಕೋಷ್ಟಕದಲ್ಲಿ ಇದೆಲ್ಲ ಇರುತ್ತದೆ. ನನ್ನದರಲ್ಲಿ 1.5 ಮೀಟರಿನ ಸಾಲಿಗೆ ಎರಡು ಸಂಖ್ಯೆಗಳಿದ್ದವು. ಮಣ್ಣು ಕತ್ತರಿಸಿ ಜಾರದಂತೆ ಹೊರಬಲ್ಲ ಭಾರ 10 ಟನ್, ಕುಸಿತ ಮಿತಿಯೊಳಗೆ ಇರುವಂತೆ ಹೊರಬಲ್ಲ ಭಾರ 8 ಟನ್. ಎರಡರಲ್ಲಿ ಚಿಕ್ಕದನ್ನೇ ಹಿಡಿಯಬೇಕು. ಅಂದರೆ ನಾನು ಪಾಯ ನಿಲ್ಲಿಸಿದ ಆಳದಲ್ಲಿ ಮಣ್ಣಿನ ಉತ್ತರ 20 ಆಗಿರಲಿಲ್ಲ, 8 ಆಗಿತ್ತು.

ಮಣ್ಣು ಪರೀಕ್ಷೆಗೆ ಕೊರೆದ ಬೋರಿನ ಪುಟ ಇದನ್ನು ಮೊದಲೇ ಹೇಳಿತ್ತು. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಎಂದು ಎಣಿಸುತ್ತಾರೆ. ಅದೇ ಎನ್ ಮೌಲ್ಯ. 1.5 ಮೀಟರಿನಲ್ಲಿ ಅದು 6, 2.5 ಮೀಟರಿನಲ್ಲಿ 30. ಒಂದೇ ಮೀಟರಿನ ಅಂತರದಲ್ಲಿ ಐದು ಪಟ್ಟು. ಆ ಪುಟವನ್ನು ಒಂದು ನಿಮಿಷ ನೋಡಿದ್ದರೂ ಅಷ್ಟು ದೊಡ್ಡ ಜಿಗಿತ ಕಣ್ಣಿಗೆ ಬೀಳುತ್ತಿತ್ತು.

ಈಗ ಅಳತೆಗೆ ಬರೋಣ. ನನ್ನ ಮಧ್ಯದ ಕಾಲಮ್ ಮೇಲಿನ ಭಾರ 40 ಟನ್. ಫೂಟಿಂಗಿನ ಸ್ವಂತ ತೂಕಕ್ಕೆಂದು ಶೇಕಡ 10 ಸೇರಿಸಿದರೆ 44. ಇದನ್ನು 20ರಿಂದ ಭಾಗಿಸಿದರೆ 2.2 ಚದರ ಮೀಟರ್, ಅಂದರೆ ಒಂದೂವರೆ ಮೀಟರ್ ಚೌಕ, ನಿಮ್ಮದರಂತೆಯೇ 5×5 ಅಡಿ. ಅದೇ 44ನ್ನು 8ರಿಂದ ಭಾಗಿಸಿದರೆ 5.5 ಚದರ ಮೀಟರ್, ಸುಮಾರು 2.35 ಮೀಟರ್ ಚೌಕ, 8 ಅಡಿಗೆ ಸ್ವಲ್ಪ ಕಡಿಮೆ. ನಾನು ಹಾಕಿದ್ದು 5 ಅಡಿ. ಆದರೂ ಮನೆ ಮಲಗಿಬಿಡಲಿಲ್ಲ, ಏಕೆಂದರೆ 10 ಟನ್ ಎಂದು ಕೊಡುವಾಗ ಲೆಕ್ಕದಲ್ಲಿ ಎರಡೂವರೆ ಪಟ್ಟು ಸುರಕ್ಷತೆ ಇಟ್ಟಿದ್ದರು. 25 ಟನ್ನಿಗೆ ಸೋಲುವ ಮಣ್ಣಿನ ಮೇಲೆ ನಾನು ಸುಮಾರು 20 ಟನ್ ಹೇರಿದ್ದೆ. ಹಾಗಾಗಿ ಮನೆ ನಿಂತಿತು, ನಿಂತು ಕುಸಿಯುತ್ತಾ ಹೋಯಿತು.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ವರ್ಷ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು, ಉಗುರು ತೂರುವಷ್ಟು. ದೇವರಮನೆಯ ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತಿತ್ತು, ಬೇಸಿಗೆಯಲ್ಲಿ ಸಲೀಸಾಗಿ ಆಡುತ್ತಿತ್ತು. ಋತುವಿನ ಜೊತೆ ಹೀಗೆ ಬದಲಾದರೆ ಅದು ಗಿಲಾವಿನ ಬಿರುಕಲ್ಲ, ಕೆಳಗಿನ ಮಣ್ಣು ಉಬ್ಬಿ ಇಳಿಯುತ್ತಿದೆ ಎಂದು ತಿಳಿಯಬೇಕು. ಕಾಲಮ್ ಪಕ್ಕದಲ್ಲಿ ಗುಂಡಿ ತೋಡಿಸಿ ಇಳಿದು ನೋಡಿದೆ. ಬೆಡ್ ಕಾಂಕ್ರೀಟಿನ ಅಡಿಯಲ್ಲಿ ಕರಿ ಜಿಗಟು ಮಣ್ಣು, ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಕೊನೆಗೆ ಒಂದೊಂದೇ ಫೂಟಿಂಗಿನ ಅಡಿಯನ್ನು ತುಂಡುತುಂಡಾಗಿ ತೋಡಿ ಗರಸಿನವರೆಗೆ ಕಾಂಕ್ರೀಟ್ ತುಂಬಿಸಬೇಕಾಯಿತು. ಮೊದಲ ಪಾಯಕ್ಕೆ ತಗುಲಿದ್ದರ ಮೂರು ಪಟ್ಟು ಹಣ ಹೋಯಿತು, ನಾವು ನಾಲ್ಕು ತಿಂಗಳು ಬಾಡಿಗೆ ಮನೆಯಲ್ಲಿದ್ದೆವು.

ಆದ್ದರಿಂದ ನಾಲ್ಕೂವರೆಯೋ ಐದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅರ್ಧ ಅಡಿ ಇಳಿಸಿದರೆ 12 ಕಾಲಮ್‌ಗಳಿಗೆ ಸೇರಿ ಉಳಿಯುವುದು ಎರಡೂವರೆ ಘನ ಮೀಟರಿನಷ್ಟು ಕಾಂಕ್ರೀಟ್. ಅದಕ್ಕಾಗಿ ಅಳತೆಗೆ ಕೈ ಹಾಕಬೇಡಿ. ಅಳತೆ ನಿಜವಾಗಿಯೂ ಹೆಚ್ಚಾಗಿದೆ ಅನ್ನಿಸಿದರೆ ಎಂಜಿನಿಯರನ್ನು ಒಂದೇ ಮಾತು ಕೇಳಿ: ಫೂಟಿಂಗಿನ ವಿಸ್ತೀರ್ಣಕ್ಕೆ ಹಿಡಿದ ಕಾಲಮ್ ಭಾರ ವಾಸ್ತವದ್ದೋ, ಒಂದೂವರೆ ಪಟ್ಟು ಮಾಡಿದ್ದೋ? ಒಂದೂವರೆ ಪಟ್ಟಿನದು ಕಬ್ಬಿಣ, ಕಾಂಕ್ರೀಟಿನ ದಪ್ಪ ಲೆಕ್ಕ ಹಾಕಲು. ಮಣ್ಣಿನ ಎಸ್‌ಬಿಸಿಯಲ್ಲಿ ಸುರಕ್ಷತೆ ಆಗಲೇ ಸೇರಿರುತ್ತದೆ, ವಿಸ್ತೀರ್ಣಕ್ಕೆ ವಾಸ್ತವದ ಭಾರ ಸಾಕು.

ನಿಮ್ಮ 20 ಯಾವ ಆಳದ ಸಾಲಿನದು ಎಂದು ಇವತ್ತೇ ನೋಡಿ. ಪಾಯ ಅದಕ್ಕಿಂತ ಮೇಲೆ ನಿಲ್ಲುವುದಾದರೆ 5 ಅಡಿಯೂ ಸಾಲದಿರಬಹುದು. ಎಂಟು ಅಡಿಗೆ ಅಗಲಿಸಿದರಾಯಿತಲ್ಲ ಎಂದುಕೊಳ್ಳಬೇಡಿ. ಕೋಷ್ಟಕವನ್ನು ಒಂದೂವರೆ ಮೀಟರ್ ಅಗಲಕ್ಕೆ ಹಾಕಿದ್ದರೆ, ಅಗಲ ಹೆಚ್ಚಿದಂತೆ ಭಾರದ ಪ್ರಭಾವ ಇನ್ನೂ ಆಳಕ್ಕೆ ಇಳಿದು ಜೇಡಿಯಲ್ಲಿ ಕುಸಿತ ಹೆಚ್ಚುತ್ತದೆ, ಆ 8 ಟನ್ ಕೂಡ ಉಳಿಯುವುದಿಲ್ಲ. ವರದಿಯಲ್ಲಿ ಫ್ರೀ ಸ್ವೆಲ್ ಎಂಬ ಸಾಲನ್ನೂ ಹುಡುಕಿ. ಅದು ಶೇಕಡ 50 ದಾಟಿದ್ದರೆ ಆ ಮಣ್ಣು ನೀರು ಕುಡಿದು ಉಬ್ಬುವ ಜಾತಿಯದು, ಫೂಟಿಂಗ್ ಎಷ್ಟು ಅಗಲವಾದರೂ ಉಬ್ಬು ನಿಲ್ಲುವುದಿಲ್ಲ. ನನ್ನದರಲ್ಲಿ 85 ಇತ್ತು. ಅಂಥಲ್ಲಿ ಗರಸು ಕೈಗೆಟಕುವ ಆಳದಲ್ಲಿದ್ದರೆ ಅಲ್ಲಿಯವರೆಗೆ ಇಳಿಯಿರಿ. ತೀರಾ ಆಳದಲ್ಲಿದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಅಂಡರ್ ರೀಮ್ಡ್ ಪೈಲ್ ಬಗ್ಗೆ ಎಂಜಿನಿಯರ ಜೊತೆ ಮಾತಾಡಿ.

ಪೂರ್ತಿ ವರದಿಯನ್ನು ಅವರ ಕೈಗೆ ಕೊಟ್ಟು ನಕ್ಷೆಯಲ್ಲಿ ಎಸ್‌ಬಿಸಿಯ ಪಕ್ಕದಲ್ಲೇ ಆಳವನ್ನೂ ಮಣ್ಣಿನ ಹೆಸರನ್ನೂ ಬರೆಸಿ. ಬೋರ್ ಹಾಕಿದ್ದು ಒಂದೋ ಎರಡೋ ಕಡೆ, ಗುಂಡಿಗಳು 12. ಗರಸಿನ ಪದರ ಇಳಿಜಾರಾಗಿರಬಹುದು. ಬೆಡ್ ಕಾಂಕ್ರೀಟ್ ಸುರಿಯುವ ಮುನ್ನ ಪರೀಕ್ಷೆ ಮಾಡಿದವರನ್ನು ಕರೆದು ಪ್ರತಿ ಗುಂಡಿಯ ತಳವನ್ನೂ ತೋರಿಸಿ. ಯಾವುದಾದರೂ ಒಂದರಲ್ಲಿ ಇನ್ನೂ ಕರಿ ಮಣ್ಣೇ ಕಂಡರೆ ಆ ಗುಂಡಿಯನ್ನು ಮಾತ್ರ ಇನ್ನಷ್ಟು ತೋಡಿಸಿ. ಉಳಿದ ಹನ್ನೊಂದರ ಆಳಕ್ಕೆ ಅದು ಸಮನಾಗಿರಬೇಕು ಎಂದೇನೂ ಇಲ್ಲ.