ಎರಡನೇ ಟೇಬಲ್‌ಗೇ ಯಾಕೆ ನಿಲ್ಲಿಸಿದಿರಿ?

"ಸರ್, 1101 ಬಂದಾಗ ಹಿಡಿಯುವ ಸರ್ಕ್ಯೂಟ್ ಬಗ್ಗೆ ಲೇಖನ ಕಳಿಸಿದ್ದೇನೆ. ಇಂಪ್ಲಿಕೇಶನ್ ಟೇಬಲ್ ಬಳಸಿ ಆರು ಸ್ಟೇಟ್‌ಗಳನ್ನು ಮೂರಕ್ಕೆ ಇಳಿಸಿದ್ದೇನೆ. ಕೋಡ್‌ಗಳನ್ನು ಅಕ್ಷರದ ಸಾಲಿನಂತೆ ಕೊಟ್ಟಿದ್ದೇನೆ, ಹೇಗೆ ಕೊಟ್ಟರೂ ಫ್ಲಿಪ್-ಫ್ಲಾಪ್ ಎರಡೇ ಬೇಕಲ್ಲವೇ. ಪ್ರಕಟಿಸಬಹುದೇ, ನೇರವಾಗಿ ತಿಳಿಸಿ."

ನಮಸ್ಕಾರ. ನಿಮ್ಮ ಬರವಣಿಗೆ ಸಲೀಸಾಗಿದೆ. ಸ್ಟೇಟ್ ಡಯಾಗ್ರಾಮ್ ಅಚ್ಚುಕಟ್ಟಾಗಿದೆ, ಬಾಣಗಳು ಒಂದಕ್ಕೊಂದು ಸುತ್ತಿಕೊಂಡಿಲ್ಲ. ಹೊಗಳಿಕೆ ಇಷ್ಟು ಸಾಕು. ಈಗಿರುವ ಹಾಗೆ ಪ್ರಕಟಿಸೋಕೆ ಆಗಲ್ಲ. ಎರಡು ಜಾಗದಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು, ಅವೆರಡನ್ನೇ ಹಿಡಿದು ಕೂರುತ್ತೇನೆ.

ನಿಮ್ಮದೇ ಟೇಬಲ್ ಮುಂದಿಟ್ಟುಕೊಳ್ಳೋಣ. X ಅಂದರೆ ಒಳಗೆ ಬರುವ ಬಿಟ್, ಓರೆಗೆರೆಯ ಎಡಕ್ಕೆ ಮುಂದಿನ ಸ್ಟೇಟ್, ಬಲಕ್ಕೆ ಔಟ್‌ಪುಟ್ Z.

```
     X=0   X=1
A    E/0   B/0
B    A/0   C/0
C    D/0   C/0
D    A/0   F/1
E    A/0   F/0
F    E/0   C/0
```

ಇದು ಸರಿಯಾಗಿದೆ. 1101ರ ಕೊನೆಯ 1 ಮುಂದಿನ ಸುತ್ತಿನ ಮೊದಲ 1 ಕೂಡ ಆಗಬಹುದು ಅಂತ ನೆನಪಿಟ್ಟು F ಹಾಕಿದ್ದೀರಿ, ಜಾಸ್ತಿ ಜನ ಅಲ್ಲೇ ಎಡವುತ್ತಾರೆ. ಆರು ಸ್ಟೇಟ್ ಅಂದರೆ ಹದಿನೈದು ಜೋಡಿ, ಹದಿನೈದು ಮನೆ. ಮೊದಲ ಟೇಬಲ್‌ನಲ್ಲಿ ಔಟ್‌ಪುಟ್ ಬೇರೆ ಇರುವ ಜೋಡಿಗಳಿಗೆ ಇಂಟು ಹಾಕಿದ್ದೀರಿ. D ಇರುವ ಐದೂ ಮನೆ ಹೋದವು. ಎರಡನೇ ಟೇಬಲ್‌ನಲ್ಲಿ A-C, B-C, C-E, C-F ಹೋದವು, ಯಾಕಂದರೆ X=0 ಬಂದರೆ C ಒಂದೇ D ಕಡೆಗೆ ಹೋಗುತ್ತದೆ, ಉಳಿದವು A ಅಥವಾ E ಕಡೆಗೆ. ಇಲ್ಲಿಯವರೆಗೂ ತಪ್ಪಿಲ್ಲ. ಆಮೇಲೆ ಈ ಸಾಲು ಬರುತ್ತದೆ: "ಉಳಿದ ಆರು ಮನೆಗಳಲ್ಲಿ ಇಂಟು ಇಲ್ಲ, ಆದ್ದರಿಂದ A, B, E, F ನಾಲ್ಕೂ ಒಂದೇ."

ಯಾಕ್ರೀ ಇಷ್ಟು ಅವಸರ? A-B ಮನೆಯೊಳಗೆ ನಿಮ್ಮ ಕೈಯಾರೆ ಬರೆದದ್ದು ಏನು ನೋಡಿ. "A-E, B-C." ಅಂದರೆ A ಮತ್ತು B ಒಂದೇ ಆಗಬೇಕಾದರೆ B ಮತ್ತು C ಕೂಡ ಒಂದೇ ಆಗಿರಬೇಕು. ಆದರೆ B-C ಮನೆಗೆ ಈಗಷ್ಟೇ, ಅದೇ ಪುಟದಲ್ಲಿ, ನೀವೇ ಇಂಟು ಹಾಕಿದ್ದೀರಿ! ಹಾಗಾದರೆ A-B ಕೂಡ ಹೋಗಬೇಕು. A-F ಮನೆಯಲ್ಲೂ B-C ಇದೆ, ಅದೂ ಹೋಯಿತು. B-E ಮತ್ತು E-F ಮನೆಗಳಲ್ಲಿ C-F ಇದೆ, ಅವೂ ಹೋದವು. ಮೂರನೇ ಸುತ್ತಿನಲ್ಲಿ ನಾಲ್ಕು ಇಂಟು. ನಾಲ್ಕನೇ ಸುತ್ತು ಹಾಕಿದರೆ ಹೊಸದೇನೂ ಸಿಗುವುದಿಲ್ಲ, ಆಗ ನಿಲ್ಲಿಸಬೇಕು. ಒಂದು ಪೂರ್ತಿ ಸುತ್ತು ಖಾಲಿ ಹೋಗುವವರೆಗೆ ಈ ಟೇಬಲ್ ಮುಗಿದಿಲ್ಲ. ಉಳಿಯುವುದು A-E, B-F ಎರಡೇ. ಸ್ಟೇಟ್ ನಾಲ್ಕು, ಮೂರಲ್ಲ.

ಟೇಬಲ್ ಬಿಟ್ಟರೂ ಇದು ನಿಮಗೆ ಗೊತ್ತಾಗಬೇಕಿತ್ತು. ನಾಲ್ಕನ್ನೂ ಸೇರಿಸಿ P ಅಂತ ಹೆಸರಿಟ್ಟಿರಿ. ಈಗ P ಸಾಲಿನಲ್ಲಿ X=1ರ ಕೆಳಗೆ ಏನು ಬರೆಯಬೇಕು? A ಪ್ರಕಾರ B, ಅಂದರೆ ಮತ್ತೆ P. B ಪ್ರಕಾರ C. ಒಂದೇ ಮನೆಗೆ ಎರಡು ಉತ್ತರ. ನೀವು C ಅಂತ ಬರೆದು ಮುಂದೆ ಹೋಗಿದ್ದೀರಿ, ಯಾಕೆ ಅಂತ ಒಂದು ಮಾತೂ ಇಲ್ಲ. ಈಗ ಆ ಮೂರು ಸ್ಟೇಟಿನ ಸರ್ಕ್ಯೂಟಿಗೆ 1, 0, 1 ಕೊಡಿ. P ಇಂದ C, C ಇಂದ D, D ಅಲ್ಲಿ 1 ಬಂತು, Z=1. ಬರೀ 101ಕ್ಕೇ ಗಂಟೆ ಹೊಡೆಯಿತು! 1101 ಬೇಕು ಅಂದವನಿಗೆ ಇದನ್ನು ಕೊಟ್ಟರೆ ಏನನ್ನುತ್ತಾನೆ?

ಇಷ್ಟೆಲ್ಲ ಕಳೆದುಕೊಂಡು ಗಿಟ್ಟಿದ್ದಾದರೂ ಏನು? ಮೂರು ಸ್ಟೇಟಿಗೂ ಎರಡು ಫ್ಲಿಪ್-ಫ್ಲಾಪ್, ನಾಲ್ಕಕ್ಕೂ ಎರಡೇ. ಆರಕ್ಕೆ ಮೂರು ಬೇಕಿತ್ತು, ನಾಲ್ಕಕ್ಕೆ ಇಳಿದಾಗಲೇ ಒಂದು ಉಳಿದಿತ್ತು.

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಕಲಿಯುವ ಕಾಲದಲ್ಲಿ ನಾನು ಇದರ ಉಲ್ಟಾ ತಪ್ಪು ಮಾಡಿದ್ದೆ. ಒಂದು ಲ್ಯಾಬಿನಲ್ಲಿ ಕೈಕೆಳಗೆ ಸೇರಿಕೊಂಡಿದ್ದೆ, ಕೆಲಸ ಅಂದರೆ ಹಿರಿಯರು ಕೊಟ್ಟ ಟೇಬಲ್ ಇಳಿಸಿ ಬ್ರೆಡ್‌ಬೋರ್ಡ್ ಮೇಲೆ ಕಟ್ಟುವುದು. ನಿಮ್ಮ A-E, B-F ತರಹದ್ದೇ ಒಂದು ಜೋಡಿ ಬಂತು. A-E ಮನೆಯಲ್ಲಿ "B-F" ಅಂತ, B-F ಮನೆಯಲ್ಲಿ "A-E" ಅಂತ. ಇದು ಅದನ್ನು ಕೇಳು ಅನ್ನುತ್ತೆ, ಅದು ಇದನ್ನು ಕೇಳು ಅನ್ನುತ್ತೆ. ಯಾವುದೂ ಸಾಬೀತಾಗಿಲ್ಲವಲ್ಲ ಅಂತ ಎರಡಕ್ಕೂ ಇಂಟು ಎಳೆದು, ಸ್ಟೇಟ್ ಒಂದೂ ಕಮ್ಮಿಯಾಗಲಿಲ್ಲ ಅಂತ ಮೂರು ಫ್ಲಿಪ್-ಫ್ಲಾಪ್ ಇಟ್ಟು ಕಟ್ಟಿಬಿಟ್ಟೆ. ಕೆಲಸ ಮಾಡಿತು ಕೂಡ. ಹಿರಿಯರು ನೋಡಿ ಬೈಯಲಿಲ್ಲ. "ಇವೆರಡೂ ಬೇರೆ ಅಂತೀಯಲ್ಲ, ಯಾವ ಇನ್‌ಪುಟ್ ಕೊಟ್ಟರೆ ಬೇರೆ ಅಂತ ಗೊತ್ತಾಗುತ್ತೆ? ಅದನ್ನು ಬರೆದುಕೊಂಡು ಬಾ" ಅಂದರು ಅಷ್ಟೆ. ಸಂಜೆವರೆಗೂ 0, 1 ಬರೆದು ಬರೆದು ಹಾಳೆ ತುಂಬಿಸಿದೆ. ಸಿಗಲಿಲ್ಲ. ಸಿಗುವುದೇ ಇಲ್ಲ, ಯಾಕಂದರೆ ಎಷ್ಟು ದೂರ ಹೋದರೂ ಔಟ್‌ಪುಟ್ ಬೇರೆಯಾಗುವ ಜಾಗಕ್ಕೆ ಅವು ತಲುಪುವುದೇ ಇಲ್ಲ.

ಆವತ್ತು ನನಗೆ ಈ ಟೇಬಲ್ ಏನು ಮಾಡುತ್ತದೆ ಅಂತ ಅರ್ಥವಾಯಿತು. ಒಂದೊಂದು ಇಂಟು ಹಿಂದೆಯೂ ಒಂದು ಇನ್‌ಪುಟ್ ಸರಣಿ ಇರುತ್ತದೆ. ಮೊದಲ ಟೇಬಲ್ ಒಂದು ಬಿಟ್ ಕೊಟ್ಟು ಬೇರೆ ಮಾಡಬಹುದಾದ ಜೋಡಿಗಳನ್ನು ಹಿಡಿಯುತ್ತದೆ, ಎರಡನೆಯದು ಎರಡು ಬಿಟ್, ಮೂರನೆಯದು ಮೂರು ಬಿಟ್. ನೀವು ಎರಡಕ್ಕೇ ನಿಲ್ಲಿಸಿದ್ದರಿಂದ ಎರಡು ಬಿಟ್ಟಿನ ಪ್ರಶ್ನೆ ಮಾತ್ರ ಕೇಳಿದ ಹಾಗಾಯಿತು. A ಮತ್ತು B ಬೇರೆ ಅಂತ ತೋರಿಸಲು ಮೂರು ಬಿಟ್ ಬೇಕು. ಯಾವುದು ಅಂದರೆ ಅದೇ 101. B ಇಂದ ಹೊರಟರೆ ಕೊನೆಗೆ Z=1, A ಇಂದ ಹೊರಟರೆ ಮೂರೂ ಸೊನ್ನೆ. ನಿಮ್ಮ ಸರ್ಕ್ಯೂಟ್ ಮೋಸ ಹೋಗಿದ್ದೂ ಅದೇ ಸರಣಿಗೆ ಅಲ್ವಾ.

ಈಗ ಎರಡನೇ ಸಿಟ್ಟು. "ಕೋಡ್ ಹೇಗೆ ಕೊಟ್ಟರೂ ಆಗುತ್ತದೆ." ಫ್ಲಿಪ್-ಫ್ಲಾಪ್ ಲೆಕ್ಕಕ್ಕೆ ಅದು ನಿಜ. ಆದರೆ ಫ್ಲಿಪ್-ಫ್ಲಾಪ್‌ನ ಬಾಯಿಗೆ ಏನು ಬರಬೇಕು ಅನ್ನುವ ಲೆಕ್ಕಕ್ಕೆ? ಸರಿಯಾದ ನಾಲ್ಕು ಸ್ಟೇಟ್ ತೆಗೆದುಕೊಳ್ಳೋಣ, E ಹೋಗಿ A ಆಯಿತು, F ಹೋಗಿ B ಆಯಿತು. D ಫ್ಲಿಪ್-ಫ್ಲಾಪ್ ಹಾಕೋಣ. (ಸ್ಟೇಟ್ D ಬೇರೆ, ಇದು ಬೇರೆ. ಈ ಹೆಸರಿನ ಗೊಂದಲ ನಿಮ್ಮ ಲೇಖನದಲ್ಲೂ ಇದೆ, ಹೋಗಲಿ.) ನಿಮ್ಮ ಹಾಗೆ ಅಕ್ಷರದ ಸಾಲಿನಲ್ಲಿ A=00, B=01, C=10, D=11 ಕೊಟ್ಟರೆ:

```
D1 = Q1 Q0' + Q1' Q0 X
D0 = Q1' Q0' X + Q1 Q0' X' + Q1 Q0 X
```

D0 ಕಾರ್ನೋ ಮ್ಯಾಪ್ ಹಾಕಿ ನೋಡಿ. ಮೂರು 1 ಇವೆ, ಒಂದರ ಪಕ್ಕ ಇನ್ನೊಂದಿಲ್ಲ. ಒಂದನ್ನೂ ಗುಂಪು ಮಾಡಲು ಆಗುವುದಿಲ್ಲ. ಈಗ C, D ಎರಡರ ಕೋಡ್ ಮಾತ್ರ ಅದಲುಬದಲು ಮಾಡಿ, C=11, D=10:

```
D1 = Q1 Q0 + Q0 X
D0 = X
```

ಐದು ಆಂಡ್ ಗೇಟ್ ಇದ್ದದ್ದು ಎರಡಾಯಿತು. D0ಗೆ ಗೇಟೇ ಇಲ್ಲ, X ತಂತಿಯನ್ನು ನೇರ ಸಿಕ್ಕಿಸಿದರಾಯಿತು. Z ಅಂತೂ ಎರಡರಲ್ಲೂ ಮೂರು ಕಾಲಿನ ಒಂದೇ ಆಂಡ್ ಗೇಟ್, ಅದರ ಮಾತು ಬೇಡ.

ಇದು ಅದೃಷ್ಟ ಅಲ್ಲ. 1 ಬಂದರೆ ಸರ್ಕ್ಯೂಟ್ ಯಾವಾಗಲೂ B ಅಥವಾ C ಸೇರುತ್ತದೆ, 0 ಬಂದರೆ A ಅಥವಾ D. ಅಂದರೆ B, C ಒಂದು ಕಡೆ, A, D ಇನ್ನೊಂದು ಕಡೆ ಆಗುವ ಹಾಗೆ ಒಂದು ಬಿಟ್ ಇಟ್ಟರೆ, ಆ ಬಿಟ್ "ಈಗ ಬಂದದ್ದು ಏನು" ಅನ್ನುವುದನ್ನು ಮಾತ್ರ ನೆನಪಿಡುತ್ತದೆ. ನಿಮ್ಮ ಕೋಡಿನಲ್ಲಿ A=00, D=11, ಎದುರುಬದುರು ಮೂಲೆ. ಇವೆರಡೂ ಮುಂದೆ ಹೋಗುವ ಜಾಗ ಒಂದೇ (0ಗೆ A, 1ಕ್ಕೆ B), ಔಟ್‌ಪುಟ್ ಮಾತ್ರ ಬೇರೆ. ಅಂಥ ಜೋಡಿಯನ್ನು ಪಕ್ಕಪಕ್ಕ ಕೂರಿಸಬೇಕು, ಆಗ ಮ್ಯಾಪಿನಲ್ಲಿ 1ಗಳು ಜೊತೆಯಾಗುತ್ತವೆ. ನೀವು ಹುಡುಕಿ ಹುಡುಕಿ ಅದನ್ನೇ ದೂರ ಮಾಡಿದ್ದೀರಿ.

ಹಾಗಂತ ಇಪ್ಪತ್ನಾಲ್ಕು ಬಗೆಯನ್ನೂ ಒಂದೊಂದಾಗಿ ನೋಡಬೇಕಿಲ್ಲ. ಬಿಟ್‌ಗಳ ಜಾಗ ಬದಲಿಸಿದರೆ, ಇಲ್ಲ 0 ಮತ್ತು 1 ತಿರುಗಿಸಿದರೆ ಲಾಜಿಕ್‌ನ ಗಾತ್ರ ಅಷ್ಟೇನೂ ಬದಲಾಗುವುದಿಲ್ಲ, ಹಾಗಾಗಿ ನಾಲ್ಕು ಸ್ಟೇಟಿಗೆ ನಿಜವಾಗಿ ಬೇರೆ ಇರುವುದು ಮೂರೇ. A ಎದುರು ಮೂಲೆಯಲ್ಲಿ ಯಾರು ಅನ್ನುವುದಷ್ಟೇ ಪ್ರಶ್ನೆ. D ಇದ್ದರೆ ನಿಮ್ಮದು, C ಇದ್ದರೆ ನನ್ನದು. B ಇಟ್ಟು ನೋಡಿದೆ, D0 ಆಗಲೂ X, ಆದರೆ D1 = Q0' X + Q1' Q0 X' ಬಂತು, ಸ್ವಲ್ಪ ಜಾಸ್ತಿ. ಅರ್ಧ ಗಂಟೆಯ ಕೆಲಸ. ಸ್ಟೇಟ್ ಐದಾದರೆ ಇದೇ ಲೆಕ್ಕ 140ಕ್ಕೆ ಏರುತ್ತದೆ, ಆಗ ಎಲ್ಲವನ್ನೂ ಕೈಯಲ್ಲಿ ಮಾಡಿ ನೋಡುವ ಮಾತಿಲ್ಲ, ಪಕ್ಕಪಕ್ಕ ಕೂರಿಸುವ ನಿಯಮವೇ ಗತಿ.

ನೀವು JK ಹಾಕಿದ್ದೇನೆ ಅನ್ನಬಹುದು. ಸರಿ, ಅದನ್ನೂ ಮಾಡಿದೆ. ನಿಮ್ಮ ಕೋಡಿಗೆ J1 = Q0 X, K1 = Q0, J0 ಗೆ Q1 ಮತ್ತು X ಸೇರಿ ಒಂದು ಎಕ್ಸ್-ಆರ್, K0 ಗೆ ಅವೆರಡರ ನ್ಯಾಂಡ್. D ಹಾಕಿದಾಗಿನಷ್ಟು ಕೆಟ್ಟದಾಗಿಲ್ಲ. ಫ್ಲಿಪ್-ಫ್ಲಾಪ್ ಬದಲಿಸಿದರೆ ಕೋಡಿನ ಪೆಟ್ಟೂ ಬದಲಾಗುತ್ತದೆ, ಈ ಮಾತು ನಿಮ್ಮ ಲೇಖನದಲ್ಲಿ ಇರಬೇಕಿತ್ತು. ಇನ್ನೊಂದು ಕೋಡಿಗೆ J1 = Q0 X, K1 = Q0', J0 = X, K0 = X'. ಇಲ್ಲೂ ಗೆದ್ದದ್ದು ಅದೇ. ಆದರೆ ಇದನ್ನೆಲ್ಲ ಎಫ್‌ಪಿಜಿಎ ಒಳಗೆ ಹಾಕಿದರೆ ವ್ಯತ್ಯಾಸ ಕಾಣುವುದಿಲ್ಲ. D0 ಯಾವ ರೂಪದಲ್ಲಿದ್ದರೂ ಮೂರು ಇನ್‌ಪುಟ್ ತಾನೆ, ಒಂದು ಲುಕ್‌ಅಪ್ ಟೇಬಲ್‌ನಲ್ಲಿ ಕೂರುತ್ತದೆ. ಬಿಡಿ ಗೇಟ್‌ಗಳಲ್ಲಿ ಕಟ್ಟುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ, ನಿಮ್ಮ ಚಿತ್ರದಲ್ಲಿರುವುದು ಬಿಡಿ ಗೇಟ್‌ಗಳೇ.

ಮೂರನೇ, ನಾಲ್ಕನೇ ಸುತ್ತು ಸೇರಿಸಿ, ಮೂರೂ ಬಗೆಯ ಕೋಡಿನ ಸಮೀಕರಣ ಪಕ್ಕಪಕ್ಕ ಹಾಕಿ ಮತ್ತೆ ಕಳಿಸಿ. ಜೊತೆಗೆ ಹೊಸ ಸರ್ಕ್ಯೂಟಿಗೆ 101 ಕೊಟ್ಟರೆ Z ಏನಾಯಿತು, 1101101 ಕೊಟ್ಟರೆ ಎಷ್ಟು ಸಲ 1 ಬಂತು, ಅದನ್ನೂ ಬರೆಯಿರಿ. ಎರಡು ಸಲ ಬರಬೇಕು. ಸ್ಟೇಟ್ ಡಯಾಗ್ರಾಮ್ ಹಾಗೇ ಇರಲಿ, ಅದನ್ನು ಮುಟ್ಟಬೇಡಿ.