ಗಿರವಿ ಚೀಟಿ ಕಂಡ ರಾತ್ರಿ: ಸೀರಿಯಲ್ ಡೈಲಾಗ್ ಹೇಗೆ ಬರೆಯುತ್ತೇವೆ

ಪ್ರಶ್ನೆ: ಸೀರಿಯಲ್ ಶೂಟಿಂಗ್ ಟೆಲಿಕಾಸ್ಟ್‌ಗೆ ಎರಡು ದಿನ ಮುಂಚೆಯಷ್ಟೇ ಆಗುತ್ತದಂತೆ, ನಿಜವಾ? ಹಾಗಾದರೆ ಡೈಲಾಗ್ ಬರೆಯುವವರು ಯಾವಾಗ, ಹೇಗೆ ಬರೆಯುತ್ತಾರೆ?

ಎಷ್ಟೋ ಸಲ ನಿಜ. ನಾನು ನಾಲ್ಕು ವರ್ಷ ಒಂದು ಕನ್ನಡ ಸೀರಿಯಲ್‌ಗೆ ಸಂಭಾಷಣೆ ಬರೆದಿದ್ದೇನೆ, ಆ ಅನುಭವದ ಮೇಲೆ ಹೇಳುತ್ತೇನೆ.

ಶುರುವಿನಲ್ಲಿ ನಮ್ಮ ಹತ್ತಿರ ಹದಿನೈದು ಎಪಿಸೋಡ್ ಬ್ಯಾಂಕಿಂಗ್ ಇತ್ತು. ಅಂದರೆ ಶೂಟ್ ಆಗಿ, ಪ್ರಸಾರಕ್ಕೆ ಕಾಯುತ್ತಾ ಕೂತಿರುವ ಎಪಿಸೋಡ್‌ಗಳು. ದಿನಕ್ಕೆ ಹೆಚ್ಚುಕಡಿಮೆ ಒಂದು ಎಪಿಸೋಡ್ ಶೂಟ್ ಆಗುತ್ತದೆ, ಟಿವಿಯಲ್ಲಿ ದಿನಕ್ಕೆ ಒಂದು ಖರ್ಚೂ ಆಗುತ್ತದೆ. ಹಾಗಾಗಿ ಒಮ್ಮೆ ಕರಗಿದ್ದು ಮತ್ತೆ ತುಂಬುವುದೇ ಇಲ್ಲ. ಒಬ್ಬರಿಗೆ ಜ್ವರ, ಹೊರಾಂಗಣಕ್ಕೆ ಹೋದ ದಿನ ಮಳೆ, ಹಬ್ಬಕ್ಕೆ ಒಂದು ಗಂಟೆಯ ವಿಶೇಷ ಸಂಚಿಕೆ. ಆರು ತಿಂಗಳಲ್ಲಿ ನಮ್ಮದು ಎರಡಕ್ಕೆ ಬಂದು ನಿಂತಿತ್ತು. ಇದರ ಮೇಲೆ ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಅದು ಹಿಂದಿನ ಶುಕ್ರವಾರಕ್ಕೆ ಮುಗಿದ ವಾರದ ಲೆಕ್ಕ. ಅದನ್ನು ನೋಡಿ 'ಈ ಟ್ರ್ಯಾಕ್ ಬೇಗ ಮುಗಿಸಿ' ಅಂತ ಚಾನೆಲ್‌ನಿಂದ ಫೋನ್ ಬರುವ ಹೊತ್ತಿಗೆ ನಾನು ಆ ಟ್ರ್ಯಾಕ್‌ನ ಇನ್ನೂ ನಾಲ್ಕು ಎಪಿಸೋಡ್ ಬರೆದು ಕೊಟ್ಟಿರುತ್ತಿದ್ದೆ.

ಕಥೆ ನನ್ನದಲ್ಲ, ಇದು ಗೊತ್ತಿರಲಿ. ಕಥೆ, ಚಿತ್ರಕಥೆಯ ತಂಡ ಚಾನೆಲ್‌ನವರ ಜೊತೆ ಕೂತು ಒನ್‌ಲೈನ್ ಮಾಡಿ ಕಳಿಸುತ್ತದೆ. 'ದೇವರ ಮನೆ. ಸೊಸೆ ದೀಪ ಹಚ್ಚುತ್ತಿದ್ದಾಳೆ. ಅತ್ತೆ ಬಂದು ಒಡವೆಯ ಮಾತು ತೆಗೆಯುತ್ತಾಳೆ. ಮಾವ ಕೇಳಿಸಿಕೊಳ್ಳುತ್ತಾನೆ.' ಇಷ್ಟೇ. ಇದನ್ನು ಮೂರು ನಿಮಿಷದ ಮಾತು ಮಾಡುವುದು ನನ್ನ ಕೆಲಸ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಸುಮಾರು ಇಪ್ಪತ್ತೆರಡು ನಿಮಿಷ ಉಳಿಯುತ್ತದೆ, ಅಂದರೆ ಆರೇಳು ಸೀನ್. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಜೋರಾಗಿ ಓದುತ್ತಿದ್ದೆ. ಹೆಂಡತಿಗೆ ಮೊದಲು ಗಾಬರಿ, ಆಮೇಲೆ ಅಭ್ಯಾಸ.

ನಾವು ಎಪಿಸೋಡ್ ಸಾಲಿನಲ್ಲಿ ಬರೆಯುವುದಿಲ್ಲ, ಇದು ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಸಂಜೆ ಅಸೋಸಿಯೇಟ್ ಡೈರೆಕ್ಟರ್ ಫೋನ್ ಮಾಡಿ, ನಾಳೆ ಯಾರ ಕಾಲ್‌ಶೀಟ್ ಇದೆ, ಯಾವ ಜಾಗ ಅಂತ ಹೇಳುತ್ತಾರೆ. ನಾಳೆ ಹಾಲ್ ಅಂದರೆ ಗುರುವಾರದ ಮೂರನೇ ಸೀನ್, ಶುಕ್ರವಾರದ ಮೊದಲ ಸೀನ್, ಶನಿವಾರದ ಕೊನೆಯ ಸೀನ್, ಎಲ್ಲ ಒಟ್ಟಿಗೆ ಬರೆಯಬೇಕು. ನಡುವಿನವು ಇನ್ನೂ ಹುಟ್ಟೇ ಇರುವುದಿಲ್ಲ. ಸೀರೆ, ಬಳೆಯ ಕಂಟಿನ್ಯುಟಿಯನ್ನು ಸೆಟ್‌ನಲ್ಲಿ ಅಸಿಸ್ಟೆಂಟ್‌ಗಳು ನೋಡಿಕೊಳ್ಳುತ್ತಾರೆ. ಮಾತಿನ ಕಂಟಿನ್ಯುಟಿ ನನ್ನ ತಲೆನೋವು. ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಬರೆಯುತ್ತಿದ್ದದ್ದು ಒಂದೇ: ಯಾವ ಎಪಿಸೋಡ್‌ನಲ್ಲಿ ಯಾರಿಗೆ ಯಾವ ಗುಟ್ಟು ಗೊತ್ತಾಯಿತು. ಗೊತ್ತಿರಬಾರದವರು ಗೊತ್ತಿರುವ ಹಾಗೆ ಮಾತಾಡಿಬಿಟ್ಟರೆ ನೋಡುವವರು ಬಿಡುವುದಿಲ್ಲ.

ಒಂದು ಮಂಗಳವಾರ ರಾತ್ರಿಯ ಕಥೆ ಹೇಳುತ್ತೇನೆ. ಸೊಸೆ ಯಾರಿಗೂ ಹೇಳದೆ ಸರ ಅಡವಿಟ್ಟಿದ್ದಾಳೆ. ಗುರುವಾರದ ಎಪಿಸೋಡ್‌ನಲ್ಲಿ ಎರಡು ಸೀನ್ ಬಾಕಿ. ಅತ್ತೆ ಸೊಸೆಯ ರೂಮಿಗೆ ಬಂದು 'ಸರ ಎಲ್ಲಿ?' ಅಂತ ಕೇಳುವುದು ಒಂದು. ಆಮೇಲೆ ಬೀರುವಿನಲ್ಲಿ ಗಿರವಿ ಚೀಟಿ ಕಂಡು ಸ್ತಬ್ಧಳಾಗುವುದು ಇನ್ನೊಂದು, ಅಲ್ಲಿಗೆ ಎಪಿಸೋಡ್ ಮುಗಿಯಬೇಕು. ಎರಡೂ ಬುಧವಾರ ಶೂಟ್. ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಅತ್ತೆ ಪಾತ್ರದವರಿಗೆ ವಿಪರೀತ ಜ್ವರ, ನಾಳೆ ಬರುವುದಿಲ್ಲ.

ಇಂಥ ಹೊತ್ತಿಗೆ ಸುಲಭದ ದಾರಿ ಫೋನ್ ಸೀನ್. 'ಅತ್ತೆ ಊರಿಗೆ ಹೋಗಿದ್ದಾರೆ' ಅಂತ ಹೇಳಿಸಿ, ಈ ಕಡೆ ಸೊಸೆ ಒಬ್ಬಳೇ ಮಾತಾಡುವುದು. ಆದರೆ ಶುಕ್ರವಾರದ ಹಾಲ್ ಸೀನ್ ಸೋಮವಾರವೇ ಶೂಟ್ ಆಗಿತ್ತು. ಅದರಲ್ಲಿ ಅತ್ತೆ ಚೀಟಿ ಹಿಡಿದು ಎಲ್ಲರ ಮುಂದೆ ನಿಂತಿದ್ದಾಳೆ. ಪ್ರೋಮೋ ಕೂಡ ಹೊರಗೆ ಹೋಗಿತ್ತು. ಊರಿಗೆ ಕಳಿಸುವ ಹಾಗಿಲ್ಲ.

ಹಾಗಾಗಿ ಚೀಟಿ ಮೊದಲು ನಾದಿನಿಗೆ ಸಿಗಲಿ ಅಂತ ಯೋಚಿಸಿದೆ. ಚಾನೆಲ್‌ನವರನ್ನು ಕೇಳಿದೆ, ಒಪ್ಪಿದರು. ಬರೆಯಲು ಕೂತಾಗ ನೋಟ್‌ಬುಕ್ ನೋಡಿದರೆ ಎದೆ ಧಸಕ್ ಎಂದಿತು. ಸೋಮವಾರ ಶೂಟ್ ಆದ ಆ ಹಾಲ್ ಸೀನ್‌ನಲ್ಲಿ ಇದೇ ನಾದಿನಿ ಕಣ್ಣರಳಿಸಿ 'ಯಾವ ಚೀಟಿ ಅಮ್ಮಾ?' ಅಂತ ಕೇಳಿದ್ದಾಳೆ! ಈಗ ಅವಳಿಗೆ ಮೊದಲೇ ಗೊತ್ತು ಅಂದರೆ ಆ ಮಾತು ಸುಳ್ಳಾಗುತ್ತದೆ. ಅರ್ಧ ಗಂಟೆ ಸುಮ್ನೆ ಕೂತೆ. ಆಮೇಲೆ ಹೊಳೆಯಿತು, ಸುಳ್ಳಾಗಲಿ ಬಿಡು. ಬರೆದದ್ದು ಹೀಗೆ:

ನಾದಿನಿ: ಅತ್ತಿಗೆ, ಇದೇನಿದು? ಗಿರವಿ ಅಂಗಡಿ ಚೀಟಿ. ನಿಮ್ಮ ಹೆಸರಿದೆ.
ಸೊಸೆ: ನಿಧಾನಕ್ಕೆ ಮಾತಾಡು.
ನಾದಿನಿ: ಸರ ಅಡವಿಟ್ರಾ? ಅಣ್ಣನಿಗೆ ಗೊತ್ತಾ?
ಸೊಸೆ: ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನಾಳೆ ಯಾರೇ ಕೇಳಿದ್ರೂ, ಯಾವ ಚೀಟಿ ಅಂತ ಕೇಳಬೇಕು. ಆಯ್ತಾ?

ಸೋಮವಾರದ ಆ ಆಶ್ಚರ್ಯ ಈಗ ನಾಟಕವಾಯಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಯಿತು. ಕೊನೆಗೆ ನಾದಿನಿ ಚೀಟಿಯನ್ನು ಮತ್ತೆ ಬೀರುವಿನಲ್ಲಿ ಇಡುವಾಗ ಹೊರಗಿನಿಂದ ಅತ್ತೆಯ ದನಿ: 'ಏನ್ ನಡೀತಿದೆ ಒಳಗೆ?' ಆ ದನಿಯನ್ನು ಹಳೆಯ ಎಪಿಸೋಡ್‌ನಿಂದ ಎಡಿಟರ್ ತೆಗೆದುಕೊಟ್ಟರು. ಬೀರುವಿನ ಹಿಡಿಯ ಮೇಲಿನ ಕೈಗೆ ಫ್ರೀಜ್. ಚೀಟಿ ಅತ್ತೆ ಕೈಗೆ ಹೇಗೆ ಹೋಯಿತು ಅಂತ ತೋರಿಸಬೇಕಾಗಲೇ ಇಲ್ಲ.

ಮಾತುಗಳು ಇಷ್ಟು ಚಿಕ್ಕದಾಗಿ ಇರುವುದಕ್ಕೂ ಕಾರಣ ಇದೆ. ಸೀನ್ ಪೇಪರ್ ಬೆಳಿಗ್ಗೆ ಕೈಗೆ ಸಿಕ್ಕರೆ ಕಲಾವಿದರು ಬಾಯಿಪಾಠ ಮಾಡುವುದು ಯಾವಾಗ? ಕ್ಯಾಮೆರಾ ಹಿಂದೆ ಅಸಿಸ್ಟೆಂಟ್ ನಿಂತು ಪ್ರಾಂಪ್ಟ್ ಮಾಡುತ್ತಾರೆ, ಕೇಳಿಸಿಕೊಂಡು ಹೇಳುತ್ತಾರೆ. ಏಳೆಂಟು ಪದ ದಾಟಿದರೆ ನಡುವೆ ಎಲ್ಲೋ ತುಂಡಾಗುತ್ತದೆ. ಇನ್ನೊಂದು ಕಾರಣ, ಎಷ್ಟೋ ಜನ ಸೀರಿಯಲ್ ನೋಡುವುದಿಲ್ಲ, ಒಗ್ಗರಣೆ ಹಾಕುತ್ತಾ ಕೇಳುತ್ತಾರೆ. 'ಚೀಟಿ' ಅನ್ನುವುದು ನಾಲ್ಕು ಸಲ ಬರದಿದ್ದರೆ ಅಡುಗೆಮನೆಗೆ ತಲುಪುವುದಿಲ್ಲ.

ಒಂದು ಲೆಕ್ಕ ಉಳಿಯಿತು. ಹೋದ ಎರಡು ಸೀನ್ ಆರೂವರೆ ನಿಮಿಷ, ಹೊಸದು ನಾಲ್ಕೂವರೆ. ಎರಡು ನಿಮಿಷ ಕಡಿಮೆ. ಇಂಥದ್ದಕ್ಕೆ ಕಥೆಗೆ ಅಂಟಿಕೊಳ್ಳದ ಒಂದೆರಡು ಸೀನ್ ನನ್ನ ಹತ್ತಿರ ಯಾವಾಗಲೂ ರೆಡಿ ಇರುತ್ತಿದ್ದವು. ಅಜ್ಜಿ ಹೂ ಕಟ್ಟುತ್ತಾ ಮಾವನಿಗೆ ಹಳೆಯ ಮದುವೆಯ ಕಥೆ ಹೇಳುವುದು, ಕಾಫಿಗೆ ಸಕ್ಕರೆ ಜಾಸ್ತಿ ಆಯಿತು ಅಂತ ಜಗಳ, ಇಂಥವು. ನೀವು 'ಸುಮ್ನೆ ಎಳೀತಾರೆ' ಅಂತ ಬೈಯುವುದು ಇಂಥ ಸೀನ್‌ಗಳನ್ನೇ ಅಲ್ವಾ? ಬೈಗುಳ ನ್ಯಾಯವೇ. ಆದರೆ ಅವತ್ತು ಅಜ್ಜಿ ಹೂ ಕಟ್ಟದಿದ್ದರೆ ಎಪಿಸೋಡ್ ತುಂಬುತ್ತಿರಲಿಲ್ಲ.

ರಾತ್ರಿ ಎರಡಕ್ಕೆ ಪೇಪರ್ ವಾಟ್ಸಾಪ್‌ನಲ್ಲಿ ಕಳಿಸಿದೆ. ಬುಧವಾರ ಮಧ್ಯಾಹ್ನ ಶೂಟ್ ಮುಗಿಯಿತು. ರಾತ್ರಿಯಿಡೀ ಎಡಿಟಿಂಗ್, ಹಿನ್ನೆಲೆ ಸಂಗೀತ. ಗುರುವಾರ ಸಂಜೆ ಪ್ರಸಾರ.

ಜ್ವರ ಬಿಟ್ಟು ಸೆಟ್‌ಗೆ ಬಂದ ದಿನ ಅತ್ತೆ ಪಾತ್ರದವರು ನನಗೆ ಫೋನ್ ಮಾಡಿದರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ. 'ಚೀಟಿ ನೋಡೋ ಸೀನ್ ನನ್ನದಲ್ವೇನಪ್ಪಾ, ಅವಳಿಗ್ಯಾಕೆ ಕೊಟ್ಟೆ?' ಅಂದರು. ಮುಂದಿನ ವಾರ ಅವರಿಗೆ ಒಂದೂವರೆ ಪುಟ ಜಾಸ್ತಿ ಬರೆದೆ.